ಶಾರ್ಟ್‌ಕಟ್ ಇಟ್ಟರೂ ಸಾಫ್ಟ್‌ವೇರ್‌ಗೆ ಫೋಲ್ಡರ್ ಯಾಕೆ ಸಿಗಲಿಲ್ಲ?

ಪ್ರಶ್ನೆ: ಸರ್, ಯಾದಗಿರಿಯಲ್ಲಿ ನನ್ನದು ಸಣ್ಣ ಫೋಟೋ ಸ್ಟುಡಿಯೋ. ಸಿ ಡ್ರೈವ್ 240 ಜಿಬಿ ಎಸ್‌ಎಸ್‌ಡಿ, ಪೂರ್ತಿ ತುಂಬಿದೆ. ಆಲ್ಬಮ್ ಸಾಫ್ಟ್‌ವೇರ್‌ನ AlbumData ಫೋಲ್ಡರ್ ಒಂದೇ 110 ಜಿಬಿ. ಅದನ್ನು ಡಿ ಡ್ರೈವ್‌ಗೆ ಹಾಕಿ, ಸಿ ಡ್ರೈವ್‌ನಲ್ಲಿ ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟೆ. ನಾನು ಡಬಲ್ ಕ್ಲಿಕ್ ಮಾಡಿದರೆ ತೆರೆಯುತ್ತೆ, ಸಾಫ್ಟ್‌ವೇರ್ ಮಾತ್ರ ಒಂದು ಟೆಂಪ್ಲೇಟೂ ತೋರಿಸಲ್ಲ. ಇಂಜಿನಿಯರಿಂಗ್ ಓದುವ ಮಗ ಸಿಂಬಾಲಿಕ್ ಲಿಂಕ್ ಮಾಡು ಅಂತಾನೆ. ಗೆಳೆಯರೊಬ್ಬರು ಹಾರ್ಡ್ ಲಿಂಕ್ ಮಾಡಿ, ಬ್ಯಾಕಪ್ಪೂ ಆಗುತ್ತೆ ಅಂತಾರೆ. ಯಾವುದು ಸರಿ?

ಉತ್ತರ: ಮಗ ಹೇಳಿದ್ದು ಸರಿ. ನಿಮ್ಮ ಕೆಲಸಕ್ಕೆ ಸಿಂಬಾಲಿಕ್ ಲಿಂಕ್‌ನ ಅಣ್ಣನಂತಿರುವ ಜಂಕ್ಷನ್ ಇನ್ನೂ ಸಲೀಸು. ಹಾರ್ಡ್ ಲಿಂಕ್ ಈ ಕೆಲಸಕ್ಕೆ ಬರುವುದೇ ಇಲ್ಲ, ಬ್ಯಾಕಪ್ ಅಂತೂ ಅದು ಅಲ್ಲವೇ ಅಲ್ಲ. ಆದರೆ ನಿಮ್ಮಂಥ ಸ್ಟುಡಿಯೋದವರಿಗೆ ಅದರಿಂದ ಬೇರೊಂದು ಒಳ್ಳೆ ಉಪಯೋಗ ಇದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ಕೆಲಸ ಮಾಡಿ. ಸಿ ಡ್ರೈವ್ ತೆರೆದು ನೋಡಿ. ಅಲ್ಲಿ AlbumData ಅನ್ನುವ ಹೆಸರು ಎರಡು ಸಲ ಕಾಣುತ್ತಿದೆಯಾ? ಒಂದು ನಿಜವಾದ ಫೋಲ್ಡರ್, ಇನ್ನೊಂದರ ಮೂಲೆಯಲ್ಲಿ ಸಣ್ಣ ಬಾಣದ ಗುರುತು. ನಿಮ್ಮಂಥ ತೊಂದರೆ ಬಂದ ಕಂಪ್ಯೂಟರ್‌ಗಳಲ್ಲಿ ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಒಂದೇ ಜಾಗದಲ್ಲಿ ಒಂದೇ ಹೆಸರಿನವು ಎರಡು ಇರೋಕೆ ಆಗಲ್ಲ, ಅಲ್ವಾ? ಮತ್ತೆ ಇವು ಹೇಗಿವೆ ಅಂದರೆ, ನಿಮ್ಮ ಶಾರ್ಟ್‌ಕಟ್‌ನ ನಿಜವಾದ ಹೆಸರು AlbumData ಅಲ್ಲ. ಅದು `AlbumData.lnk`. ಕೊನೆಯ ಆ `.lnk` ಅನ್ನು ವಿಂಡೋಸ್ ಯಾವತ್ತೂ ಮುಚ್ಚಿಡುತ್ತದೆ. ಫೈಲ್ ಎಕ್ಸ್‌ಟೆನ್ಷನ್ ತೋರಿಸು ಅಂತ ಸೆಟ್ಟಿಂಗ್ ಬದಲಿಸಿದರೂ ಎಕ್ಸ್‌ಪ್ಲೋರರ್ ಇದನ್ನು ತೋರಿಸುವುದಿಲ್ಲ.

ತೊಂದರೆ ಹುಟ್ಟಿದ್ದು ಇಲ್ಲೇ. ಶಾರ್ಟ್‌ಕಟ್ ಅನ್ನುವುದು ಒಂದೆರಡು ಕೆಬಿಯ ಮಾಮೂಲಿ ಫೈಲ್. ಅದರೊಳಗೆ "ನಿಜವಾದ ಫೋಲ್ಡರ್ ಇಂಥ ಕಡೆ ಇದೆ" ಅಂತ ಬರೆದಿರುತ್ತದೆ, ಅಷ್ಟೇ. ಅದನ್ನು ಓದಿ ಆ ಕಡೆ ಕರೆದುಕೊಂಡು ಹೋಗುವ ಕೆಲಸ ಎಕ್ಸ್‌ಪ್ಲೋರರ್‌ನದು. ನೀವು ಡಬಲ್ ಕ್ಲಿಕ್ ಮಾಡಿದಾಗ ಮಾತಾಡುವುದು ಎಕ್ಸ್‌ಪ್ಲೋರರ್ ಜೊತೆ, ಹಾಗಾಗಿ ತೆರೆಯುತ್ತದೆ. ನಿಮ್ಮ ಆಲ್ಬಮ್ ಸಾಫ್ಟ್‌ವೇರ್ ಎಕ್ಸ್‌ಪ್ಲೋರರ್‌ನ ಕೇಳುವುದಿಲ್ಲ. ಅದು ನೇರವಾಗಿ ಡಿಸ್ಕ್‌ಗೆ ಹೋಗಿ `C:\AlbumData` ಕೊಡು ಅನ್ನುತ್ತದೆ. ಆ ಹೆಸರಿನದು ಅಲ್ಲಿ ಇಲ್ಲ. `AlbumData.lnk` ಇದೆ, ಆದರೆ ಅದು ಬೇರೆ ಹೆಸರು. "ಇಲ್ಲವಲ್ಲ" ಅಂದುಕೊಂಡು ಕೆಲವು ಸಾಫ್ಟ್‌ವೇರ್‌ಗಳು ಹೊಸದಾಗಿ ಒಂದು ಖಾಲಿ ಫೋಲ್ಡರ್ ಮಾಡಿಕೊಳ್ಳುತ್ತವೆ. ಎರಡು ಹೆಸರು ಕಾಣುವುದಕ್ಕೆ ಅದೇ ಕಾರಣ.

ಇದನ್ನು ಮನೆ ಬದಲಿಸಿದ ಹಾಗೆ ಅಂದುಕೊಳ್ಳಿ. ಬ್ರಹ್ಮಪುರದ ಮನೆ ಬಿಟ್ಟು ಜೇವರ್ಗಿ ರಸ್ತೆಗೆ ಹೋದವರು ಹಳೆ ಬಾಗಿಲಿಗೆ ಚೀಟಿ ಅಂಟಿಸಿದರೆ, ಓದಲು ಬರುವವರು ಓದಿಕೊಂಡು ಹೊಸ ಮನೆಗೆ ಬರುತ್ತಾರೆ. ಶಾರ್ಟ್‌ಕಟ್ ಆ ಚೀಟಿ. ಅದರ ಬದಲು ಪೋಸ್ಟಾಫೀಸಿಗೇ ಹೋಗಿ "ಹಳೆ ವಿಳಾಸಕ್ಕೆ ಬಂದದ್ದನ್ನೆಲ್ಲ ಹೊಸ ವಿಳಾಸಕ್ಕೆ ಕಳಿಸಿ" ಅಂತ ಬರೆದುಕೊಟ್ಟರೆ? ಕಾಗದ ಬರೆದವರಿಗೆ ನೀವು ಮನೆ ಬದಲಿಸಿದ್ದೇ ಗೊತ್ತಿರಬೇಕಿಲ್ಲ. ಸಿಂಬಾಲಿಕ್ ಲಿಂಕ್ ಮತ್ತು ಜಂಕ್ಷನ್ ಮಾಡುವುದು ಇದನ್ನೇ. ವಿಳಾಸ ತಿರುಗಿಸುವ ಕೆಲಸ ಫೈಲ್ ಸಿಸ್ಟಮ್‌ನ ಮಟ್ಟದಲ್ಲೇ ಆಗಿಬಿಡುತ್ತದೆ. `C:\AlbumData` ಕೇಳಿದ ಯಾವ ಸಾಫ್ಟ್‌ವೇರ್‌ಗಾದರೂ ಡಿ ಡ್ರೈವ್‌ನಲ್ಲಿರುವುದೇ ಸಿಗುತ್ತದೆ, ಅದು ಡಿ ಯಿಂದ ಬಂತು ಅಂತ ಗೊತ್ತೂ ಆಗುವುದಿಲ್ಲ.

ಈಗ ಮಾಡುವ ಕೆಲಸ. ಆಲ್ಬಮ್ ಸಾಫ್ಟ್‌ವೇರ್ ಪೂರ್ತಿ ಮುಚ್ಚಿ. ಸಿ ಯಲ್ಲಿರುವ ಬಾಣದ ಗುರುತಿನ ಶಾರ್ಟ್‌ಕಟ್ ಅಳಿಸಿ, ಅದರಿಂದ ಏನೂ ನಷ್ಟವಿಲ್ಲ. ಆಮೇಲೆ ಆ ಖಾಲಿ ಫೋಲ್ಡರ್. ಅದನ್ನು ಅಳಿಸುವ ಮೊದಲು ಒಳಗೆ ನೋಡಲೇಬೇಕು. ಶಾರ್ಟ್‌ಕಟ್ ಇಟ್ಟ ಮೇಲೆ ನೀವು ಏನಾದರೂ ಹೊಸ ಡಿಸೈನ್ ಸೇವ್ ಮಾಡಿದ್ದರೆ ಅದು ಹೋಗಿ ಕೂತಿರುವುದು ಅಲ್ಲೇ. ಇದ್ದರೆ `D:\AlbumData` ಒಳಗೆ ಹಾಕಿಕೊಂಡು, ಆಮೇಲೆ ಫೋಲ್ಡರ್ ತೆಗೆಯಿರಿ. ಈಗ ಸಿ ಡ್ರೈವ್‌ನಲ್ಲಿ ಆ ಹೆಸರಿನದು ಒಂದೂ ಇರಬಾರದು. ಸ್ಟಾರ್ಟ್ ಮೆನುವಿನಲ್ಲಿ `cmd` ಅಂತ ಟೈಪ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಕೊಡಿ:

```
mklink /J C:\AlbumData D:\AlbumData
```

ಮೊದಲು ಲಿಂಕ್‌ನ ಹೆಸರು, ಆಮೇಲೆ ನಿಜವಾದ ಜಾಗ. `Junction created for` ಅಂತ ಉತ್ತರ ಬಂದರೆ ಆಯಿತು. `Cannot create a file when that file already exists` ಅಂದರೆ ಹಳೆ ಫೋಲ್ಡರ್ ಇನ್ನೂ ಅಲ್ಲೇ ಇದೆ ಅಂತ ಅರ್ಥ. `mklink` ಎಂಬುದು ಕಮಾಂಡ್ ಪ್ರಾಂಪ್ಟ್‌ನ ಒಳಗಿನ ಆಜ್ಞೆ. ನೀಲಿ ಪವರ್‌ಶೆಲ್ ಕಿಟಕಿಯಲ್ಲಿ ಹೀಗೇ ಟೈಪ್ ಮಾಡಿದರೆ ಅದು ಗುರುತಿಸುವುದಿಲ್ಲ. ಸುಮಾರು ಜನ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಸರಿಯಾಗಿ ಕೂತಿದೆಯಾ ಅಂತ ನೋಡಲು:

```
dir /AL C:\
```

AlbumData ಸಾಲಿನಲ್ಲಿ `<JUNCTION>` ಅಂತಲೂ, ಪಕ್ಕದಲ್ಲಿ `[D:\AlbumData]` ಅಂತಲೂ ಕಾಣಬೇಕು. ಅಲ್ಲೇ ಇನ್ನೊಂದು ಸಾಲೂ ಕಾಣುತ್ತದೆ, `Documents and Settings` ಅಂತ, ಪಕ್ಕದಲ್ಲಿ `[C:\Users]`. ಅದನ್ನು ನೀವು ಮಾಡಿದ್ದಲ್ಲ, ವಿಂಡೋಸೇ ಮಾಡಿಟ್ಟಿದ್ದು. ಎಕ್ಸ್‌ಪಿ ಕಾಲದಲ್ಲಿ ಎಲ್ಲರ ಫೈಲುಗಳು ಆ ಹೆಸರಿನ ಫೋಲ್ಡರ್‌ನಲ್ಲಿ ಇರುತ್ತಿದ್ದವು. ವಿಸ್ಟಾದಲ್ಲಿ ಅದು `Users` ಆಯಿತು. ಹಳೆ ಸಾಫ್ಟ್‌ವೇರ್‌ಗಳು ಹಳೆ ವಿಳಾಸವನ್ನೇ ಹುಡುಕಿಕೊಂಡು ಬರುತ್ತವಲ್ಲ, ಅವಕ್ಕಾಗಿ ಒಂದು ಜಂಕ್ಷನ್ ಇಟ್ಟರು. ನಿಮ್ಮ ಕಷ್ಟಕ್ಕೆ ವಿಂಡೋಸ್ ತಾನೇ ಕಂಡುಕೊಂಡ ಪರಿಹಾರವೂ ಇದೇ.

ಮಗ ಸಿಂಬಾಲಿಕ್ ಲಿಂಕ್ ಅಂದ, ನಾನು ಜಂಕ್ಷನ್ ಅಂದೆ. ಯಾಕೆ? ಜಂಕ್ಷನ್ ಹಳೆಯದು, ವಿಂಡೋಸ್ 2000ದಿಂದ ಇದೆ. ಫೋಲ್ಡರ್‌ಗೆ ಮಾತ್ರ ಆಗುತ್ತದೆ, ಅದೂ ಇದೇ ಕಂಪ್ಯೂಟರ್‌ನ ಡ್ರೈವ್‌ಗಳ ನಡುವೆ ಮಾತ್ರ. ಆದರೆ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುವುದಿಲ್ಲ. ಸಿಂಬಾಲಿಕ್ ಲಿಂಕ್ ವಿಂಡೋಸ್‌ಗೆ ಬಂದದ್ದು ವಿಸ್ಟಾದಲ್ಲಿ. ಅದು ಒಂಟಿ ಫೈಲ್‌ಗೂ ಆಗುತ್ತದೆ, ನೆಟ್‌ವರ್ಕ್‌ನಲ್ಲಿರುವ ಇನ್ನೊಂದು ಕಂಪ್ಯೂಟರ್‌ನ ಫೋಲ್ಡರ್‌ಗೂ ಆಗುತ್ತದೆ. ಆದರೆ ಕಮಾಂಡ್ ಪ್ರಾಂಪ್ಟ್‌ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು, ಇಲ್ಲವೇ ವಿಂಡೋಸ್‌ನ ಡೆವಲಪರ್ ಮೋಡ್ ಆನ್ ಮಾಡಬೇಕು. ಫೋಲ್ಡರ್‌ಗಾದರೆ `/J` ಬದಲು `/D`, ಒಂಟಿ ಫೈಲ್‌ಗಾದರೆ ಏನೂ ಬೇಡ. ನಾಳೆ ನೀವು ಟೆಂಪ್ಲೇಟ್‌ಗಳನ್ನು ಸ್ಟುಡಿಯೋದ ಇನ್ನೊಂದು ಕಂಪ್ಯೂಟರ್‌ನಲ್ಲಿ ಇಟ್ಟು ಹಂಚಿಕೊಂಡರೆ ಆಗ ಸಿಂಬಾಲಿಕ್ ಲಿಂಕ್ ಬೇಕಾಗುತ್ತದೆ. ಇವತ್ತಿಗೆ ಜಂಕ್ಷನ್ ಸಾಕು.

ಮಗ ಕಾಲೇಜಿನಲ್ಲಿ ಲಿನಕ್ಸ್ ಬಳಸುತ್ತಿದ್ದರೆ ಅವನಿಗೆ ಒಂದು ಮಾತು ಹೇಳಿ. ಲಿನಕ್ಸ್‌ನಲ್ಲಿ ಇದೇ ಕೆಲಸಕ್ಕೆ `ln -s` ಇದೆ, ಆದರೆ ಅಲ್ಲಿ ಕ್ರಮ ಉಲ್ಟಾ. ನಿಜವಾದ ಜಾಗ ಮೊದಲು, ಲಿಂಕ್‌ನ ಹೆಸರು ಆಮೇಲೆ. ಎರಡೂ ಕಡೆ ಕೆಲಸ ಮಾಡುವವರು ಅದಲುಬದಲು ಮಾಡಿಬಿಡುತ್ತಾರೆ.

ಇನ್ನು ಎಚ್ಚರಿಕೆಯ ಮಾತು. ಜಂಕ್ಷನ್ ಮಾಡಿದ ಮೇಲೆ ಸಿ ಡ್ರೈವ್‌ನಲ್ಲಿ AlbumData ಇರುತ್ತದೆ, ಡಿ ಯಲ್ಲೂ ಇರುತ್ತದೆ. ಎರಡನ್ನೂ ತೆರೆದರೆ ಒಳಗೆ ಅದೇ ಫೈಲುಗಳು. ಆರು ತಿಂಗಳಾದ ಮೇಲೆ ಮರೆತುಹೋಗಿರುತ್ತದೆ. ಅಂಗಡಿಯ ಹುಡುಗ ಒಂದಿನ "ಅಣ್ಣ, ಎರಡೂ ಕಡೆ ಇದೆ, ಸಿ ಯಲ್ಲಿರೋದು ಅಳಿಸಲಾ?" ಅಂತ ಕೇಳುತ್ತಾನೆ. ಅವನು ಫೋಲ್ಡರ್ ಒಳಗೆ ಹೋಗಿ ಎಲ್ಲ ಆಯ್ಕೆ ಮಾಡಿ ಅಳಿಸಿದರೆ, ಹೋಗುವುದು ಡಿ ಯಲ್ಲಿರುವ ನಿಜವಾದ ಫೈಲುಗಳು. ಕಲಬುರಗಿಯಲ್ಲಿ ಒಬ್ಬ ಪರಿಚಯದವರ ಅಂಗಡಿಯಲ್ಲಿ ಹೀಗೇ ಆಗಿ, ಎರಡು ವರ್ಷದ ಕೆಲಸ ಹೋಯಿತು. ಹಾರ್ಡ್ ಡಿಸ್ಕ್‌ನಿಂದ ಸ್ವಲ್ಪ ಭಾಗ ವಾಪಸ್ ತೆಗೆದುಕೊಟ್ಟೆ, ಎಲ್ಲ ಸಿಗಲಿಲ್ಲ. ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಆದ್ದರಿಂದ `D:\AlbumData` ಒಳಗೆ "ಸಿ ಡ್ರೈವ್‌ನಲ್ಲಿ ಕಾಣುವುದೂ ಇದೇ ಫೋಲ್ಡರ್, ಅಳಿಸಬೇಡಿ" ಅಂತ ಒಂದು ಟೆಕ್ಸ್ಟ್ ಫೈಲ್ ಬರೆದಿಡಿ. ಸಣ್ಣ ಕೆಲಸ, ಆದರೆ ಇವತ್ತೇ ಮಾಡಿ.

ಲಿಂಕ್‌ಅನ್ನೇ ತೆಗೆಯಬೇಕು ಅಂದಾಗ ಈ ಆಜ್ಞೆ ಕೊಡಿ:

```
rmdir C:\AlbumData
```

ಇದು ತಿರುಗಿಸುವ ಲಿಂಕ್‌ಅನ್ನು ಮಾತ್ರ ತೆಗೆಯುತ್ತದೆ, ಡಿ ಯಲ್ಲಿರುವುದನ್ನು ಮುಟ್ಟುವುದಿಲ್ಲ. ಇದರ ಬದಲು `del C:\AlbumData` ಅಂತ ಕೊಟ್ಟು, ಬರುವ ಪ್ರಶ್ನೆಗೆ `Y` ಒತ್ತಿದರೆ, ಡಿ ಡ್ರೈವ್‌ನ ಆ ಫೋಲ್ಡರ್‌ನಲ್ಲಿರುವ ಫೈಲುಗಳು ಅಳಿಯುತ್ತವೆ. ಮೂರು ಅಕ್ಷರದ ಈ ವ್ಯತ್ಯಾಸ ತುಂಬಾ ದುಬಾರಿ.

ಬ್ಯಾಕಪ್ ತೆಗೆಯುವಾಗಲೂ ಇದನ್ನು ನೆನಪಿಡಿ. ಸಿ ಮತ್ತು ಡಿ ಎರಡನ್ನೂ ಹೊರಗಿನ ಡಿಸ್ಕ್‌ಗೆ ವಿಂಡೋಸ್‌ನ ಕಾಪಿ ಆಜ್ಞೆಯಾದ `robocopy`ಯಿಂದ ತೆಗೆದರೆ, ಅದು ಜಂಕ್ಷನ್ ಒಳಗೂ ಹೋಗಿ 110 ಜಿಬಿಯನ್ನು ಎರಡು ಸಲ ಬರೆಯುತ್ತದೆ. `/XJ` ಅಂತ ಸೇರಿಸಿದರೆ ಜಂಕ್ಷನ್ ಬಿಟ್ಟು ಹೋಗುತ್ತದೆ. ಇನ್ನು ನಿಮ್ಮ ಡಿ ಡ್ರೈವ್ ಯುಎಸ್‌ಬಿಯಲ್ಲಿ ಚುಚ್ಚುವ ಹೊರಗಿನ ಡಿಸ್ಕ್ ಆಗಿದ್ದರೆ ಜಂಕ್ಷನ್ ಬೇಡ ಅನ್ನುತ್ತೇನೆ. ಒಂದಿನ ಅದು ಡಿ ಬದಲು ಇ ಅಂತ ಬಂದರೆ, ಅಥವಾ ಚುಚ್ಚುವುದನ್ನೇ ಮರೆತರೆ, ಲಿಂಕ್ ಎಲ್ಲಿಗೂ ಹೋಗದೆ ನಿಲ್ಲುತ್ತದೆ.

ಈಗ ನಿಮ್ಮ ಗೆಳೆಯರ ಹಾರ್ಡ್ ಲಿಂಕ್. ನಮ್ಮ ಊರಿಗೆ ಎರಡು ಹೆಸರು. 2014ರ ನವೆಂಬರ್ 1ರಿಂದ ಅಧಿಕೃತವಾಗಿ ಕಲಬುರಗಿ, ಆದರೆ ಎಷ್ಟೋ ಜನರ ಬಾಯಲ್ಲಿ ಇನ್ನೂ ಗುಲಬರ್ಗಾ. ಯಾವ ಹೆಸರು ಹೇಳಿ ಬಂದರೂ ಇಳಿಯುವುದು ಒಂದೇ ಊರಿನಲ್ಲಿ. ಕಲಬುರಗಿ ಅಸಲಿ, ಗುಲಬರ್ಗಾ ಅದರ ನಕಲಿ ಊರು ಅಂತ ಯಾರೂ ಹೇಳಲ್ಲ. ಹಾರ್ಡ್ ಲಿಂಕ್ ಅಂದರೆ ಹೀಗೇ, ಒಂದೇ ಫೈಲ್‌ಗೆ ಎರಡನೇ ಹೆಸರು. ಅದು ಇನ್ನೊಂದು ಕಡೆ ಬೆರಳು ತೋರಿಸುವುದಿಲ್ಲ. ಎರಡು ಹೆಸರೂ ಡಿಸ್ಕ್‌ನಲ್ಲಿರುವ ಒಂದೇ ದಾಖಲೆಗೆ ಸೇರಿರುತ್ತವೆ, ಯಾವುದೂ ದೊಡ್ಡದಲ್ಲ ಯಾವುದೂ ಚಿಕ್ಕದಲ್ಲ. ಒಂದು ಹೆಸರು ಅಳಿಸಿದರೆ ಇನ್ನೊಂದು ಹೆಸರಲ್ಲಿ ಫೈಲ್ ಹಾಗೇ ಇರುತ್ತದೆ. ಕೊನೆಯ ಹೆಸರೂ ಹೋದಾಗ ಮಾತ್ರ ಜಾಗ ಖಾಲಿ ಆಗುತ್ತದೆ.

ಇದರಿಂದಲೇ ಅದರ ಮಿತಿಗಳೂ ಬರುತ್ತವೆ. ಸಿ ಡ್ರೈವ್‌ನ ಹೆಸರು ಡಿ ಡ್ರೈವ್‌ನ ದಾಖಲೆಗೆ ಸೇರಲು ಆಗುವುದಿಲ್ಲ, ಎರಡೂ ಬೇರೆ ಬೇರೆ ಖಾತೆಪುಸ್ತಕಗಳು. ಫೋಲ್ಡರ್‌ಗೂ ಹಾರ್ಡ್ ಲಿಂಕ್ ಮಾಡಲಾಗದು, ಫೈಲ್‌ಗೆ ಮಾತ್ರ. ನಿಮಗೆ ಬೇಕಿದ್ದದ್ದು ಫೋಲ್ಡರ್, ಅದೂ ಇನ್ನೊಂದು ಡ್ರೈವ್‌ಗೆ. ಎರಡು ಕಾರಣಕ್ಕೂ ಆಗದ ಕೆಲಸ.

ಎಲ್ಲಿ ಉಪಯೋಗ ಅಂದರೆ ಇಲ್ಲಿ. ಸುರಪುರದ ಒಂದು ಮದುವೆಗೆ ಹೋಗಿ ನೀವು 3,200 ಫೋಟೋ ತೆಗೆದಿರಿ ಅಂದುಕೊಳ್ಳಿ. ಎಲ್ಲ `D:\Maduve\Ella` ಒಳಗಿವೆ. ಮನೆಯವರು ಕೂತು 350 ಆರಿಸಿಕೊಟ್ಟರು. ನೀವು ಆ 350ನ್ನು `Album` ಎಂಬ ಫೋಲ್ಡರ್‌ಗೆ ಕಾಪಿ ಮಾಡುತ್ತೀರಿ. ಒಂದು ರಾ ಫೈಲ್ 30 ಎಂಬಿ ಅಂದರೂ 10.5 ಜಿಬಿ ಮತ್ತೆ ಖರ್ಚು. ಮದುವೆ ಸೀಸನ್‌ನಲ್ಲಿ ಇಂಥ ಇಪ್ಪತ್ತು ಕೆಲಸ ಬಂದರೆ 210 ಜಿಬಿ, ಬರೀ ನಕಲಿಗೆ. ಕಾಪಿ ಬದಲು ಹಾರ್ಡ್ ಲಿಂಕ್ ಮಾಡಿದರೆ ಈ ಜಾಗ ಹೆಚ್ಚುಕಡಿಮೆ ಪೂರ್ತಿ ಉಳಿಯುತ್ತದೆ. ಆರಿಸಿದ ಫೈಲುಗಳ ಹೆಸರನ್ನು ಸಾಲಿಗೆ ಒಂದರಂತೆ `list.txt`ನಲ್ಲಿ ಬರೆದು `D:\Maduve` ಒಳಗಿಡಿ, ಆಮೇಲೆ:

```
cd /d D:\Maduve
mkdir Album
for /f %f in (list.txt) do mklink /H Album\%f Ella\%f
```

ಕ್ಯಾಮೆರಾ ಕೊಡುವ `DSC_0412.NEF` ಥರದ ಹೆಸರಲ್ಲಿ ಖಾಲಿ ಜಾಗ ಇರುವುದಿಲ್ಲ, ಹಾಗಾಗಿ ಇಷ್ಟು ಸಾಕು. ಒಂದು ಫೈಲ್‌ಗೆ ಎಷ್ಟು ಹೆಸರಿವೆ ಅಂತ ನೋಡಲು, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ:

```
fsutil hardlink list D:\Maduve\Ella\DSC_0412.NEF
```

`Ella` ಒಳಗಿನದು ಒಂದು, `Album` ಒಳಗಿನದು ಒಂದು, ಹೀಗೆ ಎರಡು ಸಾಲು ಬರಬೇಕು. ಫೋಲ್ಡರ್‌ನ ಪ್ರಾಪರ್ಟೀಸ್ ನೋಡಿ ಗಾಬರಿ ಆಗಬೇಡಿ. ಎಕ್ಸ್‌ಪ್ಲೋರರ್ ಎರಡೂ ಕಡೆ ಪೂರ್ತಿ ಗಾತ್ರ ಲೆಕ್ಕ ಹಾಕಿ ತೋರಿಸುತ್ತದೆ. ಡ್ರೈವ್‌ನಲ್ಲಿ ಎಷ್ಟು ಖಾಲಿ ಇದೆ ಅನ್ನುವ ಅಂಕಿಯನ್ನು ಮೊದಲೂ ಆಮೇಲೂ ನೋಡಿ, ಅದು ಸತ್ಯ ಹೇಳುತ್ತದೆ.

ರಾ ಫೈಲ್ ಅಂತ ನಾನು ಬೇಕಂತಲೇ ಹೇಳಿದೆ. ರಾ ಎಡಿಟ್ ಮಾಡುವ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಮೂಲ ಫೈಲ್‌ನ ಫೋಟೋವನ್ನು ಬದಲಿಸುವುದಿಲ್ಲ, ತಿದ್ದುಪಡಿಯನ್ನು ಬೇರೆ ಕಡೆ ಬರೆದುಕೊಳ್ಳುತ್ತವೆ. ಹಾಗಾಗಿ ಹಾರ್ಡ್ ಲಿಂಕ್ ಅಲ್ಲಿ ಚೆನ್ನಾಗಿ ಹೊಂದುತ್ತದೆ. ಜೆಪೆಗ್‌ನಲ್ಲಿ ಹಾಗಲ್ಲ. `Album` ಒಳಗಿನ ಜೆಪೆಗ್ ತೆರೆದು ಮದುಮಗಳ ಮುಖದ ಬಣ್ಣ ಸರಿಮಾಡಿ ಸೇವ್ ಒತ್ತಿದಿರಿ. ಈಗ ಎರಡರಲ್ಲಿ ಒಂದು ಆಗುತ್ತದೆ. ಸಾಫ್ಟ್‌ವೇರ್ ಅದೇ ಫೈಲ್ ಮೇಲೆ ಬರೆದರೆ `Ella` ಒಳಗಿನ ಮೂಲವೂ ಬದಲಾಗುತ್ತದೆ, ತಿದ್ದದ ಫೋಟೋ ಎಲ್ಲೂ ಉಳಿಯುವುದಿಲ್ಲ. ಕೆಲವು ಸಾಫ್ಟ್‌ವೇರ್ ಮೊದಲು ಬೇರೆ ತಾತ್ಕಾಲಿಕ ಫೈಲ್‌ನಲ್ಲಿ ಬರೆದು, ಆಮೇಲೆ ಹಳೆಯದನ್ನು ತೆಗೆದು ಅದರ ಹೆಸರನ್ನು ಹೊಸದಕ್ಕೆ ಇಡುತ್ತವೆ. ಆಗ ಲಿಂಕ್ ಸದ್ದಿಲ್ಲದೆ ಕಡಿದುಹೋಗುತ್ತದೆ. ಎರಡು ಹೆಸರು, ಎರಡು ಬೇರೆ ಫೈಲ್. ನಿಮ್ಮ ಸಾಫ್ಟ್‌ವೇರ್ ಯಾವ ಥರದ್ದು ಅಂತ ತಿಳಿಯಲು ಬೇಡದ ಒಂದು ಫೋಟೋ ಮೇಲೆ ಪ್ರಯೋಗ ಮಾಡಿ. ಲಿಂಕ್ ಮಾಡಿ, ತಿದ್ದಿ, ಸೇವ್ ಮಾಡಿ, ಮತ್ತೆ `fsutil` ಕೊಡಿ. ಎರಡು ಸಾಲು ಇನ್ನೂ ಇದ್ದರೆ ಮೂಲ ಬದಲಾಗಿದೆ, ಒಂದೇ ಸಾಲು ಬಂದರೆ ಲಿಂಕ್ ಕಡಿದಿದೆ. ನನ್ನ ಸಲಹೆ ಕೇಳಿದರೆ, ತಿದ್ದುವ ಜೆಪೆಗ್‌ಗೆ ನಿಜವಾದ ಕಾಪಿಯೇ ಇರಲಿ.

ಬ್ಯಾಕಪ್ ಯಾಕೆ ಅಲ್ಲ ಅಂತ ಇಷ್ಟು ಹೊತ್ತಿಗೆ ನಿಮಗೇ ಹೊಳೆದಿರಬೇಕು. ಡಿಸ್ಕ್ ಮೇಲೆ ಇರುವುದು ಒಂದೇ ಪ್ರತಿ. ಡಿಸ್ಕ್ ಕೆಟ್ಟರೆ ಎರಡು ಹೆಸರೂ ಒಟ್ಟಿಗೆ ಹೋಗುತ್ತವೆ. ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಮಾತ್ರ ಅದು ಕಾಪಾಡುತ್ತದೆ. ನಿಮ್ಮ ಗೆಳೆಯರು ಅದನ್ನು ನೋಡಿ ಬ್ಯಾಕಪ್ ಅಂದಿರಬಹುದು.

ಪೆನ್‌ಡ್ರೈವ್ ವಿಷಯದಲ್ಲಿ ಇವು ಹೇಗೆ ನಡೆದುಕೊಳ್ಳುತ್ತವೆ ಅನ್ನುವುದು ನಿಮಗೆ ದಿನಾ ಬೇಕಾಗುತ್ತದೆ. ಹಾರ್ಡ್ ಲಿಂಕ್ ಇರುವ `Album` ಫೋಲ್ಡರ್‌ಅನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ 350 ಪೂರ್ಣ ಫೈಲುಗಳು ಹೋಗುತ್ತವೆ, ಪ್ರಿಂಟಿಂಗ್ ಲ್ಯಾಬ್‌ನಲ್ಲಿ ನಿಶ್ಚಿಂತೆಯಿಂದ ತೆರೆಯಬಹುದು. ಅದೇ 350 ಶಾರ್ಟ್‌ಕಟ್ ಮಾಡಿಕೊಂಡು ಹೋಗಿದ್ದರೆ? ಕಣ್ಣು ಮಿಟುಕಿಸುವಷ್ಟರಲ್ಲಿ ಕಾಪಿ ಆಗುತ್ತದೆ, ರೈಲು ಹತ್ತಿ ಲ್ಯಾಬ್‌ಗೆ ಹೋಗಿ ತೆರೆದರೆ ಒಂದೂ ಫೋಟೋ ಇರುವುದಿಲ್ಲ. ಹೊರಡುವ ಮೊದಲು ಪೆನ್‌ಡ್ರೈವ್‌ನಲ್ಲಿ ಫೈಲ್‌ನ ಗಾತ್ರ ನೋಡಿ. ಒಂದೆರಡು ಕೆಬಿ ಅಂತಿದ್ದರೆ ಅದು ಬರೀ ಚೀಟಿ. ಪೆನ್‌ಡ್ರೈವ್ ಮತ್ತು ಕ್ಯಾಮೆರಾ ಕಾರ್ಡ್‌ಗಳು ಸಾಮಾನ್ಯವಾಗಿ ಎಫ್‌ಎಟಿ32 ಅಥವಾ ಎಕ್ಸ್‌ಎಫ್‌ಎಟಿ ಆಗಿರುತ್ತವೆ, ಅವುಗಳ ಮೇಲೆ ಜಂಕ್ಷನ್, ಹಾರ್ಡ್ ಲಿಂಕ್ ಮಾಡಲು ಆಗುವುದಿಲ್ಲ. ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿ `NTFS` ಅಂತ ಇರಬೇಕು.

ಇನ್ನೊಂದು. ಜೆರಾಕ್ಸ್ ಅಂಗಡಿಯಿಂದ ಬಂದ ಪೆನ್‌ಡ್ರೈವ್‌ನಲ್ಲಿ ನೀವು ಮಾಡದ ಶಾರ್ಟ್‌ಕಟ್‌ಗಳು ಕಂಡರೆ ಕ್ಲಿಕ್ ಮಾಡಬೇಡಿ. ಅದು ವೈರಸ್‌ನ ಕೆಲಸ. ನಿಮ್ಮ ಫೋಲ್ಡರ್‌ಗಳನ್ನು ಮುಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟು, ಕ್ಲಿಕ್ ಮಾಡಿದವರ ಕಂಪ್ಯೂಟರ್‌ಗೆ ಹತ್ತುತ್ತದೆ. ಮೊದಲು ಆಂಟಿವೈರಸ್ ಓಡಿಸಿ. ಪೆನ್‌ಡ್ರೈವ್ ಇ ಅಂತ ಬಂದಿದ್ದರೆ, ಮುಚ್ಚಿಟ್ಟ ಫೋಲ್ಡರ್‌ಗಳು ಇದರಿಂದ ಮತ್ತೆ ಕಾಣುತ್ತವೆ:

```
attrib -h -r -s /s /d E:\*.*
```

ಹಾಗಂತ ಶಾರ್ಟ್‌ಕಟ್ ಕೆಟ್ಟದ್ದೇನಲ್ಲ. ಮನುಷ್ಯರು ಕ್ಲಿಕ್ ಮಾಡುವ ಕಡೆಯೆಲ್ಲ ಅದೇ ಒಳ್ಳೆಯದು. ಡೆಸ್ಕ್‌ಟಾಪ್ ಮೇಲೆ ಈ ವಾರದ ಮದುವೆಯ ಫೋಲ್ಡರ್‌ಗೆ ಶಾರ್ಟ್‌ಕಟ್ ಇಡಿ. ನೀವು ಆ ಫೋಲ್ಡರ್‌ಅನ್ನು ಅದೇ ಡ್ರೈವ್‌ನಲ್ಲಿ ಬೇರೆ ಕಡೆ ಸರಿಸಿದರೂ ವಿಂಡೋಸ್ ಎಷ್ಟೋ ಸಲ ಅದನ್ನು ಹುಡುಕಿ ತೆರೆಯುತ್ತದೆ. ಜಂಕ್ಷನ್‌ಗೆ ಆ ಬುದ್ಧಿ ಇಲ್ಲ. ಅಂಗಡಿಯ ಹುಡುಗ ಆ ಶಾರ್ಟ್‌ಕಟ್ ಅಳಿಸಿದರೂ ಒಳಗಿನ ಫೋಟೋಗಳಿಗೆ ಏನೂ ಆಗುವುದಿಲ್ಲ.

ಮುಂದೆ ನೀವು ದೊಡ್ಡ ಎಸ್‌ಎಸ್‌ಡಿ ಹಾಕಿಸಿ AlbumData ಮತ್ತೆ ಸಿ ಗೇ ತರಬೇಕು ಅನಿಸಿದರೆ, ಮೊದಲು ಸಾಫ್ಟ್‌ವೇರ್ ಮುಚ್ಚಿ `rmdir C:\AlbumData` ಕೊಡಿ. ಸಿ ಯಲ್ಲಿ ಆ ಹೆಸರು ಹೋಯಿತು ಅಂತ ಕಣ್ಣಾರೆ ನೋಡಿದ ಮೇಲೆ ಡಿ ಯಿಂದ ಫೋಲ್ಡರ್ ಕಾಪಿ ಮಾಡಿ. ಸಾಫ್ಟ್‌ವೇರ್ ತೆರೆದು ಒಂದು ಹಳೆ ಆಲ್ಬಮ್ ಸರಿಯಾಗಿ ಬರುತ್ತದಾ ಅಂತ ನೋಡಿ. ಅಲ್ಲಿಯವರೆಗೂ ಡಿ ಯಲ್ಲಿರುವುದನ್ನು ಅಳಿಸಬೇಡಿ.